ಮಾತು ಬಿಟ್ಟವನಿಗೆ ತಲುಪಿದ ರಜೆಯ ಮೇಲ್

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ರೀತಿ ಇದೆ. ಮಾತು ಬಿಟ್ಟ ಇಬ್ಬರು ಒಂದೇ ಜಗಲಿಯ ಮೇಲೆ ಕೂರಬಹುದು, ಒಂದೇ ಪಂಕ್ತಿಯಲ್ಲಿ ಉಣ್ಣಬಹುದು. ಏನಾದರೂ ಬೇಕಾದಾಗ ಮಾತ್ರ ನಡುವೆ ಇನ್ನೊಬ್ಬರು ಇರಬೇಕು. "ಅವರಿಗೆ ಹೇಳ್ರಿ, ಆ ಚೊಂಬು ಇತ್ತ ಕೊಡ್ಲಿ ಅಂತ." ನಡುವೆ ಯಾರೂ ಸಿಗದಿದ್ದರೆ ಗೋಡೆಗೆ ಹೇಳುತ್ತಾರೆ, ಬೆಕ್ಕಿಗೆ ಹೇಳುತ್ತಾರೆ. ನನ್ನ ಸೋದರತ್ತೆಯರಿಬ್ಬರು ಹೀಗೆ ಬೆಕ್ಕಿನ ಮೂಲಕವೇ ಒಂದು ಮಳೆಗಾಲ ಕಳೆದಿದ್ದರು. ಆ ರಕ್ತವೇ ನನ್ನದೂ ಆದ್ದರಿಂದ, ನನಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ.

ಹಿರಿಯೂರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ನಾನು ತಂತ್ರಜ್ಞೆ. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಶುದ್ಧ ಮಾಡಿ, ಮೈಯಲ್ಲಿ ನಿಂತ ನೀರನ್ನೂ ತೆಗೆಯುವ ಕೆಲಸ. ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಇನ್ನೊಬ್ಬನದು. ಅವನು ನನಗಿಂತ ಚಿಕ್ಕವನು, ಹೊಸದುರ್ಗದ ಕಡೆಯವನು, ಹಿರಿಯೂರಿನಲ್ಲಿ ಬಸ್ ನಿಲ್ದಾಣದ ಹಿಂದೆ ಬಾಡಿಗೆ ಕೋಣೆ ಹಿಡಿದಿದ್ದ. ನನ್ನನ್ನು ಅಕ್ಕ ಎನ್ನುತ್ತಿದ್ದ. ನಾನು ತಂದ ರೊಟ್ಟಿಯಲ್ಲಿ ಅರ್ಧ ಅವನ ಪಾಲು. ನಮ್ಮಿಬ್ಬರ ಮೇಲ್ವಿಚಾರಣೆಗೆ ಚಿತ್ರದುರ್ಗದ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಮೇಡಂ ಇದ್ದರು. ರಜೆ, ಪಾಳಿ, ಸಾಮಾನು ಎಲ್ಲವೂ ಅವರಿಗೆ ಮೇಲ್ ಮೂಲಕವೇ ಹೋಗಬೇಕು. ಕಳಿಸಿದ ಮೇಲ್ ನಮ್ಮೆಲ್ಲರಿಗೂ ಬರುತ್ತಿತ್ತು.

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಹಬ್ಬದ ದಿನ ಹೋಳಿಗೆ ತಿಂದ ಬಾಯಿ ಅಂದು ಬಾಡೂಟ ಕೇಳುತ್ತದೆ. ಆ ವರ್ಷ ಅವನೂ ರಜೆ ಕೇಳಿದ, ನಾನೂ ಕೇಳಿದೆ. ಇಬ್ಬರಿಗೂ ಸಿಗಲಿಲ್ಲ, ಸಿಗದಿದ್ದದ್ದೂ ಸರಿಯೇ. ರೋಗಿಗಳಿಗೆ ಹಬ್ಬವಿದ್ದರೂ ರೋಗಕ್ಕೆ ಹಬ್ಬವಿಲ್ಲ. ಅಂದು ನಾನು ನನ್ನ ಪಾಳಿ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಅವನ ಮೇಲ್ ಬಂತು. "ಹೊಟ್ಟೆನೋವು. ಇಂದು ಬರಲಾಗದು. ಯಾರಾದರೂ ನೋಡಿಕೊಳ್ಳಿ."

ಆ ಯಾರಾದರೂ ಯಾರು? ಯಂತ್ರ ನೋಡಿಕೊಳ್ಳಬಲ್ಲವರಲ್ಲಿ ಘಟಕದಲ್ಲಿ ಉಳಿದಿದ್ದವಳು ನಾನೊಬ್ಬಳೇ. ಇನ್ನೊಂದು ಪಾಳಿ ನಿಂತೆ. ಅವನ ರೋಗಿಗಳಲ್ಲಿ ಯಾರಿಗೆ ಹಿಂದಿನ ಸಲ ರಕ್ತದೊತ್ತಡ ಇಳಿದಿತ್ತು, ಯಾರಿಗೆ ಔಷಧಿ ಬದಲಾಗಿತ್ತು ಒಂದನ್ನೂ ಅವನು ಬರೆದಿರಲಿಲ್ಲ. ಎಲ್ಲವನ್ನೂ ಕೇಳಿ ಕೇಳಿ ತಿಳಿದುಕೊಂಡೆ. ಸಂಜೆ ಕಾಲು ಚಾಚಿ ಕುಳಿತು ಫೋನ್ ತೆಗೆದರೆ ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹೊಸದುರ್ಗದ ಮನೆಯ ಹಿತ್ತಲು, ಬಾಳೆಎಲೆ, ಎಲೆಯ ತುಂಬ ಮಟನ್ನು, ಪಕ್ಕದಲ್ಲಿ ಹೊಟ್ಟೆನೋವಿನವನ ಹಲ್ಲು. ನನಗೆ ಹೊಟ್ಟೆ ಉರಿದುಹೋಯಿತು. ಅಂದಿನಿಂದ ಮಾತು ಬಿಟ್ಟೆ. ಅವನು ಎರಡು ಸಲ "ಅಕ್ಕಾ" ಎಂದ. ಮೂರನೆಯ ಸಲ ಅವನಿಗೂ ಸಿಟ್ಟು ಬಂತು, ಅವನೂ ಬಿಟ್ಟ. ಪಾಳಿ ಬದಲಾಗುವಾಗ ರೋಗಿಗಳ ವಿಷಯವನ್ನು ನಾನು ನರ್ಸಮ್ಮನಿಗೆ ಹೇಳುತ್ತಿದ್ದೆ, ಅವನು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಪಾಪ ಆ ಹೊಸ ನರ್ಸಮ್ಮ, ನಮ್ಮ ಪಾಲಿನ ಬೆಕ್ಕು.

ಮೇಡಂಗೂ ವಿಷಯ ತಿಳಿಯಿತು. ಅವರು ಬೈಯಲಿಲ್ಲ, ಒಂದು ಕಟ್ಟಳೆ ಮಾಡಿದರು. ಇನ್ನು ಮೇಲೆ ಯಾರಿಗೇ ಹುಷಾರಿಲ್ಲದಿದ್ದರೂ ಅಂದಿನ ಬೆಳಿಗ್ಗೆ ಪಾಳಿಗೆ ಮುಂಚೆ ಮೇಲ್ ಮಾಡಬೇಕು. ಕಾಯಿಲೆಯ ಕತೆ ಬೇಡ, ಇನ್ನೊಬ್ಬರಿಗೆ ಅಂಟುವಂಥದೋ ಅಲ್ಲವೋ ಅಷ್ಟು ಸಾಕು. ಇಂದೇ ಆಗಬೇಕಾದದ್ದು ಏನು, ನಾಳೆಗೆ ನಿಲ್ಲುವುದು ಏನು ಅಂತ ಬರೆಯಬೇಕು. ನಿಮ್ಮ ಕೆಲಸ ಯಾರು ಮಾಡಬಲ್ಲರು ಅಂತ ಹೆಸರು ಹೇಳಬೇಕು, ಯಾಕೆ ಅವರೇ ಎಂದೂ ಹೇಳಬೇಕು. ಕಳಿಸಿದ ಮೇಲೆ ಆ ಮನುಷ್ಯರಿಗೆ ಫೋನ್ ಮಾಡಿ ಒಪ್ಪಿಸಬೇಕು. "ಇಂಗ್ಲಿಷಿಗೆ ಒದ್ದಾಡಬೇಡಿ, ಕನ್ನಡದಲ್ಲೇ ಬರೀರಿ. ಓದಿದೋರಿಗೆ ಕೆಲ್ಸ ಗೊತ್ತಾಗ್ಬೇಕು, ಅಷ್ಟೆ" ಎಂದರು. ನಾನು ಮನಸ್ಸಿನಲ್ಲೇ ಹಿಗ್ಗಿದೆ. ಆ ಕಟ್ಟಳೆ ಅವನಿಗಾಗಿಯೇ ಆದದ್ದು, ನನಗೇನು ಎಂದುಕೊಂಡೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅದು ನನ್ನ ಕೊರಳಿಗೇ ಬಂತು. ಒಂದು ಬೆಳಗಿನ ಜಾವ ಎದ್ದಾಗ ಮೈ ಕೆಂಡವಾಗಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ನಡೆಯಲಾರದಷ್ಟೇನೂ ಆಗಿರಲಿಲ್ಲ. ಬೇರೆ ಕಚೇರಿಯಾಗಿದ್ದರೆ ಒಂದು ಮಾತ್ರೆ ನುಂಗಿ ಹೋಗುತ್ತಿದ್ದೆ. ಆದರೆ ನಮ್ಮ ರೋಗಿಗಳಿಗೆ ರೋಗ ತಡೆಯುವ ಶಕ್ತಿ ಕಡಿಮೆ. ಜ್ವರ, ಕೆಮ್ಮು ಇಟ್ಟುಕೊಂಡು ಅವರ ಮುಖದ ಮೇಲೆ ಬಗ್ಗಿ ಸೂಜಿ ಹಾಕುವುದು ತಪ್ಪು. ಮಾಸ್ಕ್ ಹಾಕಿಕೊಂಡು ಹೋಗಿಬಿಡಲೇ ಎಂಬ ಆಸೆ ಬಂದದ್ದು ನಿಜ. ಆಸೆಗೆ ಕಾರಣ ಯಲ್ಲದಕೆರೆಯ ಅಜ್ಜಿ.

ಅಜ್ಜಿಯದು ಕುರಿ ಸಾಕುವ ಮನೆ. ಮಗ ಮಂದೆಯ ಜೊತೆ ಊರೂರು ತಿರುಗುತ್ತಾನೆ, ಸೊಸೆ ಮೊದಲ ಬಸ್ಸಿಗೆ ಅಜ್ಜಿಯನ್ನು ಹತ್ತಿಸಿಕೊಂಡು ಬರುತ್ತಾಳೆ. ಹಿಂದೊಮ್ಮೆ ನಾನಿಲ್ಲದ ದಿನ ಬದಲಿಗೆ ಬಂದಿದ್ದವರು ಅಜ್ಜಿಯ ಎಡಗೈಗೆ ಹಾಕಿದ ಸೂಜಿ ತಪ್ಪಿ, ಕೈ ಬದನೆಕಾಯಿಯ ಹಾಗೆ ಊದಿಕೊಂಡಿತ್ತು. ಅಂದಿನಿಂದ ಅಜ್ಜಿ ನನ್ನನ್ನು ಬಿಟ್ಟು ಬೇರೆಯವರಿಗೆ ಕೈ ಕೊಡುವುದಿಲ್ಲ. ಇನ್ನೊಂದು ಸಲ ನಾನು ತಡವಾಗಿ ಹೋದಾಗ, ಸೊಸೆ ಎಷ್ಟು ಬೇಡಿಕೊಂಡರೂ ಕೇಳದೆ, ಸೀರೆ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಬಸ್ ನಿಲ್ದಾಣದವರೆಗೆ ನಡೆದುಬಿಟ್ಟಿದ್ದಳು. ನಾನು ಓಡಿಹೋಗಿ ಕರೆತಂದೆ.

ಈಗ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಬೀಗರ ಮನೆಯ ಮದುವೆ ಅಂತ ಅಜ್ಜಿ ಹಿಂದಿನ ಸರದಿಯನ್ನೇ ತಪ್ಪಿಸಿದ್ದಳು. ಹಿಂದಿನ ಸಂಜೆ ಸೊಸೆ ಫೋನ್ ಮಾಡಿ, "ಕಾಲು ಊದ್ಕಂಡವೆ ಕಣಕ್ಕ, ಮಲಗಿದ್ರೆ ಉಸ್ರು ಕಟ್ಟುತೈತಿ ಅಂತಾಳೆ" ಎಂದಿದ್ದಳು. ಈಗಲೇ ಕರಕೊಂಡು ಬನ್ನಿ ಎಂದರೆ ಅಜ್ಜಿ ಒಪ್ಪಲಿಲ್ಲ, ಬೆಳಿಗ್ಗೆ ಮೊದಲ ಬಸ್ಸಿಗೆ ಎಂದಳು. ನನ್ನ ಭಯ ಒಂದೇ. ಬಂದವಳು ನನ್ನನ್ನು ಕಾಣದೆ ಮತ್ತೆ ಸೆರಗಿನಲ್ಲಿ ಕೈ ಮುಚ್ಚಿಕೊಂಡು ವಾಪಸು ಹೊರಟರೆ, ಈ ಸಲ ಆ ಜೀವ ಉಳಿಯುವುದು ಕಷ್ಟ.

ದೀಪ ಹಾಕಿ, ಕಂಬಳಿ ಹೊದ್ದು, ಫೋನಿನಲ್ಲಿ ಮೇಲ್ ಬರೆಯಲು ಕುಳಿತೆ. ಮೊದಲ ಸಾಲುಗಳು ಸಲೀಸಾಗಿ ಬಂದವು.

"ಮೇಡಂ, ಜ್ವರ, ಕೆಮ್ಮು ಇದೆ. ಅಂಟುವಂಥದು ಇರಬಹುದು. ಇಂದು ಬೆಳಗಿನ ಪಾಳಿಗೆ ನಾನು ಬರುವುದು ಸರಿಯಲ್ಲ. ಇಂದೇ ಆಗಬೇಕಾದದ್ದು: ಯಲ್ಲದಕೆರೆಯ ಅಜ್ಜಿಯನ್ನು ಎಲ್ಲರಿಗಿಂತ ಮೊದಲು ಯಂತ್ರಕ್ಕೆ ಹಾಕಬೇಕು. ಹಿಂದಿನ ಸರದಿ ತಪ್ಪಿದೆ, ಕಾಲು ಊದಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ಬಂದ ಕೂಡಲೇ ತೂಕ, ರಕ್ತದೊತ್ತಡ ನೋಡಿ ಡಾಕ್ಟರಿಗೆ ಫೋನ್ ಮಾಡಬೇಕು. ನೀರನ್ನೆಲ್ಲ ಒಂದೇ ಸಲಕ್ಕೆ ತೆಗೆಯುವುದು ಬೇಡ, ಎಷ್ಟು ತೆಗೆಯಬೇಕೆಂದು ಡಾಕ್ಟರೇ ಹೇಳಲಿ. ನೀರು ಶುದ್ಧ ಮಾಡುವ ಘಟಕದ ಕ್ಲೋರಿನ್ ಪರೀಕ್ಷೆಯ ಕಾಗದದ ಪಟ್ಟಿಗಳು ನಿನ್ನೆ ಮುಗಿದಿವೆ, ಹೊಸ ಡಬ್ಬಿ ಕಪಾಟಿನ ಮೇಲಿನ ಹಲಗೆಯಲ್ಲಿದೆ. ಪರೀಕ್ಷೆ ಆಗದೆ ಯಾರನ್ನೂ ಯಂತ್ರಕ್ಕೆ ಹಾಕಬಾರದು. ಸಾಮಾನಿನ ಬೇಡಿಕೆ ಕಳಿಸುವುದಿತ್ತು, ಅದು ನಾಳೆಗೆ ನಿಲ್ಲುತ್ತದೆ."

ಅಲ್ಲಿಗೆ ಬಂದು ಬೆರಳು ನಿಂತಿತು. ಇನ್ನುಳಿದದ್ದು, ಯಾರು ಮಾಡಬಲ್ಲರು, ಯಾಕೆ ಅವರೇ.

ಹೊಳಲ್ಕೆರೆಯಿಂದ ಬರುವ ಬದಲಿ ಹುಡುಗಿಯೊಬ್ಬಳಿದ್ದಳು. ಒಳ್ಳೆಯವಳೇ, ಆದರೆ ಅವಳು ಬಸ್ ಹಿಡಿದು ಬರುವಷ್ಟರಲ್ಲಿ ಮಧ್ಯಾಹ್ನ. ನರ್ಸಮ್ಮ ಹೊಸಬಳು, ಅಜ್ಜಿಯ ಕೈಯ ಫಿಸ್ಟುಲಾಕ್ಕೆ, ಅಂದರೆ ಡಯಾಲಿಸಿಸ್‌ಗೆಂದೇ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳಕ್ಕೆ, ಸೂಜಿ ಹಾಕುವುದನ್ನು ಇನ್ನೂ ಕಲಿತಿರಲಿಲ್ಲ. ಉಳಿದವನು ಅವನೊಬ್ಬನೇ. ಸುಮ್ಮನೆ ಅವನ ಹೆಸರು ಬರೆದು ಮುಗಿಸೋಣ ಎಂದುಕೊಂಡೆ. "ಮಧ್ಯಾಹ್ನದ ಪಾಳಿಯವರು ಬೆಳಿಗ್ಗೆ ಬರಬಹುದು" ಎಂದು ಬರೆದು ನೋಡಿದೆ. ಅದನ್ನು ಓದಿದರೆ ನನಗೇ ಬರುವ ಮನಸ್ಸಾಗುತ್ತಿರಲಿಲ್ಲ. ಅಳಿಸಿದೆ.

ಯಾಕೆ ಅವನೇ? ಯಾಕೆಂದರೆ ಅವನ ಕೈ ಹಗುರ. ನಾನು ಎರಡು ಸಲ ತಡವಿ ಹುಡುಕುವ ರಕ್ತನಾಳವನ್ನು ಅವನು ಬೆರಳಿಟ್ಟ ಕೂಡಲೇ ಹಿಡಿಯುತ್ತಾನೆ. ರೋಗಿಗಳು "ಹಾಕಿದ್ರಾ?" ಎಂದು ಕೇಳುತ್ತಾರೆ, ಅಷ್ಟು ಮೆತ್ತಗೆ. ಇದು ನನಗೆ ಮೊದಲಿನಿಂದ ಗೊತ್ತು. ಗೊತ್ತಿದ್ದೇ ಅಷ್ಟು ತಿಂಗಳು ಅವನ ಮುಖ ನೋಡಿರಲಿಲ್ಲ. ಆ ಎಲೆ ತುಂಬ ಮಟನ್ನು ಕಣ್ಣ ಮುಂದೆ ಬಂತು. ಸುಳ್ಳು ಹೇಳಿ ಹೋದವನನ್ನು ಹೊಗಳಿ ಬರೆಯಬೇಕೇ, ಅದೂ ಅವನೇ ಓದುವ ಹಾಗೆ? ಜ್ವರದ ಜೊತೆಗೆ ಸಿಟ್ಟೂ ಏರಿ ಹಣೆ ಸಿಡಿಯಿತು.

ಅಷ್ಟರಲ್ಲಿ ಗಂಡ ಎದ್ದ. ಅವನು ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದ ಹೊಲದ ಕೆಲಸಕ್ಕೆ ಬೆಳಿಗ್ಗೆ ಹೋಗುವವನು. ನನ್ನ ಕೈಯಿಂದ ಫೋನ್ ತೆಗೆದುಕೊಂಡು ಓದಿದ.

"ಎಲ್ಲಾ ಐತೆ, ಬರೋ ಮನುಷ್ಯಾನೇ ಇಲ್ಲ" ಎಂದ.

"ಅವನ್ ಹೆಸ್ರು ಬರೀಬೇಕಲ್ಲ."

"ಬರಿ."

"ಮಾತು ಬಿಟ್ಟೀನಿ."

"ಇದು ಬರ್ಯೋದಲ್ವಾ, ಮಾತೆಲ್ಲಿ ಆಯ್ತು? ನೋಡು, ಸಿಟ್ಟಿನಾಗೆ ಕೊಯ್ಕಂಡ ಮೂಗು ಆಮೇಲೆ ಬರಾದಿಲ್ಲ. ನಿನ್ ಮೂಗು ಹೋದ್ರೆ ಹೋಗ್ಲಿ, ಆ ಮುದುಕಿ ಕೈ ಯಾರ್ ಹಿಡೀತಾರೆ?"

ಎದ್ದು ಒಲೆ ಹಚ್ಚಲು ಹೋದ. ಅವನ ಮೇಲೂ ಸಿಟ್ಟು ಬಂತು, ಆದರೆ ಮಾತು ಬಿಡುವಷ್ಟು ತ್ರಾಣವಿರಲಿಲ್ಲ. ಕಣ್ಣು ಮುಚ್ಚಿಕೊಂಡರೆ ಸೆರಗಿನಲ್ಲಿ ಕೈ ಮುಚ್ಚಿಕೊಂಡ ಅಜ್ಜಿಯೇ ಕಾಣುತ್ತಿದ್ದಳು. ಬರೆದೆ.

"ಬೆಳಗಿನ ಪಾಳಿಯನ್ನು ನಮ್ಮ ಮಧ್ಯಾಹ್ನದ ತಂತ್ರಜ್ಞರು ಮಾಡಬಲ್ಲರು. ಅಜ್ಜಿಯ ಕೈಗೆ ಸೂಜಿ ಹಾಕಲು ಅವರೇ ಸರಿ. ಅವರ ಕೈ ನನ್ನ ಕೈಗಿಂತ ಹಗುರ. ಅಜ್ಜಿ ಮೊದಲು ಒಪ್ಪುವುದಿಲ್ಲ. ಅವಸರ ಮಾಡದೆ ಕುರಿಗಳ ವಿಷಯ ಕೇಳಬೇಕು, ಈಚೆಗೆ ಕಪ್ಪು ಕುರಿ ಮರಿ ಹಾಕಿದೆ. ಮಧ್ಯಾಹ್ನದ ಪಾಳಿಗೆ ಹೊಳಲ್ಕೆರೆಯವರನ್ನು ಕಳಿಸಿದರೆ ಇವರಿಗೂ ಎರಡು ಪಾಳಿಯ ಹೊರೆ ಆಗುವುದಿಲ್ಲ."

ಅವನ ಹೆಸರನ್ನೂ ಸೇರಿಸಿ, ಇನ್ನೊಮ್ಮೆ ಓದದೆ ಕಳಿಸಿಬಿಟ್ಟೆ. ಓದಿದ್ದರೆ ಆ ಹಗುರದ ಸಾಲನ್ನು ಖಂಡಿತ ಅಳಿಸುತ್ತಿದ್ದೆ.

ಇನ್ನು ಫೋನ್ ಮಾಡಿ ಒಪ್ಪಿಸಬೇಕು. ಕಟ್ಟಳೆ ಹಾಗೇ ಇತ್ತು. ನಾನು ಮೇಡಂಗೆ ಮಾಡಿದೆ. ಅವರು ಹೇಳಲಿ, ಅವರೇ ನಡುವಿನವರಾಗಲಿ ಎಂಬ ಲೆಕ್ಕ. ಅವರ ಫೋನ್ ಸ್ವಿಚ್ ಆಫ್. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮಾಡಿದೆ, ಅದೇ ಕತೆ. ನರ್ಸಮ್ಮನಿಗೆ ಮಾಡಿದರೆ ಎತ್ತಲಿಲ್ಲ. ನಡುವೆ ನಿಲ್ಲಲು ಲೋಕದಲ್ಲಿ ಯಾರೂ ಎದ್ದಿರಲಿಲ್ಲ. ಯಲ್ಲದಕೆರೆಯಲ್ಲಿ ಅಜ್ಜಿ ಬಸ್ ಹತ್ತುವ ಹೊತ್ತಾಗುತ್ತಿತ್ತು.

ಅವನು ಮಧ್ಯಾಹ್ನದ ಪಾಳಿಯವನು, ಬಿಸಿಲು ಬಂದ ಮೇಲೆ ಏಳುವವನು. ಎದ್ದು ಮೇಲ್ ನೋಡಿದರೂ ನಂಬುತ್ತಾನೆಯೇ? ತಾನು ಕಳ್ಳ, ಪರರ ನಂಬ. ನನ್ನ ಜ್ವರವನ್ನೂ ತನ್ನ ಹೊಟ್ಟೆನೋವಿನ ಲೆಕ್ಕಕ್ಕೇ ಸೇರಿಸಿ, ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ಮಗ್ಗುಲು ಬದಲಿಸಿದರೆ? ಅವನ ನಂಬರು ತೆಗೆದು ಬೆರಳನ್ನು ಅದರ ಮೇಲೆ ಇಟ್ಟೆ. ತೆಗೆದೆ. ಮತ್ತೆ ಇಟ್ಟೆ.

"ಏನ್ರೀ" ಎಂದು ಕೂಗಿದೆ, "ನೀವಾದ್ರೂ ಮಾಡ್ರಿ ಒಂದು ಫೋನು."

ಗಂಡ ಕೈ ಒರೆಸಿಕೊಂಡು ಬಂದು ಮಾಡಿದ. ರಿಂಗ್ ಆಯಿತು, ಆಯಿತು, ಕಡಿದುಹೋಯಿತು. ಮತ್ತೆ ಮಾಡಿದ. ಎತ್ತಲಿಲ್ಲ. "ನೀನು ಮಾಡಿದ್ರೆ ಎತ್ತುತಿದ್ನೇನೋ" ಎಂದ. ಆ ಮಾತು ಎದೆಗೆ ನಾಟಿತು. ಫೋನ್ ಕಸಿದುಕೊಂಡೆ, ಆದರೂ ಅವನ ನಂಬರು ಒತ್ತಲಾಗದೆ ಬಹಳ ಹೊತ್ತು ಕುಳಿತೆ. ಕೊನೆಗೆ ಏನಾದರಾಗಲಿ, ನಾನೇ ಹಾಗೇ ಆಸ್ಪತ್ರೆಯ ಬಾಗಿಲವರೆಗಾದರೂ ಹೋಗಿ, ದೂರದಿಂದ ಅಜ್ಜಿಗೆ ಹೇಳಿಬಿಡುತ್ತೇನೆ ಎಂದು ಚಪ್ಪಲಿ ಹುಡುಕಿದೆ. ಅಷ್ಟರಲ್ಲಿ ಮೇಲ್ ಬಂದ ಸದ್ದಾಯಿತು.

ಅವನು ಮೇಡಂಗೆ ಬರೆದ ಮೇಲ್. ಎಲ್ಲರಿಗೂ ಬಂದಿತ್ತು.

"ಮೇಡಂ, ಮೇಲ್ ನೋಡಿದೆ. ಗಾಡಿ ಮೇಲಿದ್ದೆ, ಫೋನ್ ಎತ್ತಲು ಆಗಲಿಲ್ಲ. ಈಗ ಘಟಕದಲ್ಲಿದ್ದೇನೆ. ಕ್ಲೋರಿನ್ ಪರೀಕ್ಷೆ ಆಯಿತು, ಸರಿ ಇದೆ. ಯಂತ್ರ ಸಿದ್ಧ ಮಾಡುತ್ತಿದ್ದೇನೆ. ಬಸ್ ಇನ್ನೂ ಬಂದಿಲ್ಲ. ಅವರಿಗೆ ಹೇಳಿ, ಚಪ್ಪಲಿ ಹಾಕಿಕೊಂಡು ಹೊರಡುವುದು ಬೇಡ, ಮಲಗಲಿ ಅಂತ."

ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಅದನ್ನು ಓದಿದ್ದು. ನನ್ನ ಸ್ವಭಾವ ಅವನಿಗೆ ಅಷ್ಟು ಗೊತ್ತು ಎಂಬುದಕ್ಕೆ ಸಿಟ್ಟು ಬರಬೇಕಿತ್ತು. ನಗು ಬಂತು, ನಗುವಿನ ಹಿಂದೆಯೇ ಕೆಮ್ಮು. ಮೇಡಂ ನಿದ್ದೆಯಲ್ಲಿದ್ದರು. ಅವರನ್ನು ಗೋಡೆ ಮಾಡಿಕೊಂಡು ಅವನು ನನ್ನೊಂದಿಗೇ ಮಾತಾಡುತ್ತಿದ್ದ.

ಆದರೂ ನಿದ್ದೆ ಬರಲಿಲ್ಲ. ಅವನು ಬಂದದ್ದೇನೋ ಆಯಿತು, ಅಜ್ಜಿ ಕೈ ಕೊಡಬೇಕಲ್ಲ. ಗಂಜಿ ಕುಡಿದೆ. ಮೇಡಂ ಎದ್ದು "ಸರಿಯಾಗಿದೆ, ವಿಶ್ರಾಂತಿ ತೆಗೆದುಕೊಳ್ಳಿ, ಹೊಳಲ್ಕೆರೆಯವರು ಹೊರಟಿದ್ದಾರೆ" ಎಂದು ಉತ್ತರಿಸಿದರು. ಅಜ್ಜಿಯ ಸುದ್ದಿ ಮಾತ್ರ ಇಲ್ಲ. ಬಿಸಿಲು ಕಿಟಕಿಯಿಂದ ಮಂಚದವರೆಗೆ ಬಂದ ಮೇಲೆ ಅವನ ಎರಡನೆಯ ಮೇಲ್ ಬಂತು. ಅದೂ ಮೇಡಂಗೇ. "ಯಲ್ಲದಕೆರೆಯ ಅಜ್ಜಿ ಯಂತ್ರದಲ್ಲಿದ್ದಾರೆ. ಡಾಕ್ಟರು ಹೇಳಿದಷ್ಟೇ ನೀರು ತೆಗೆಯುತ್ತಿದ್ದೇನೆ. ಉಸಿರು ಸಲೀಸಾಗಿದೆ. ಒಂದೇ ಸಲಕ್ಕೆ ಸೂಜಿ ಆಯಿತು. ಕಪ್ಪು ಕುರಿಗೆ ಎರಡು ಮರಿ." ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಸ್ವಲ್ಪ ಅತ್ತೆ. ಜ್ವರದಲ್ಲಿ ಕಣ್ಣೀರು ಬೇಗ ಬರುತ್ತದೆ.

ಜ್ವರ, ಕೆಮ್ಮು ಪೂರ್ತಿ ಹೋಗಿ, ಡಾಕ್ಟರು ಒಪ್ಪಿದ ಮೇಲೆ ಕೆಲಸಕ್ಕೆ ಹೋದೆ. ಅಂದು ಅಜ್ಜಿಯ ಸರದಿಯೂ ಇತ್ತು. ಕಾಲಿನ ಊತ ಇಳಿದಿತ್ತು. ನಾನು ಕೈಗೆ ಪಟ್ಟಿ ಕಟ್ಟಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಯಾಕಜ್ಜಿ?"

"ಅವ್ನಿಲ್ಲೇನು?"

"ಅವನ್ದು ಮಧ್ಯಾಹ್ನದ ಪಾಳಿ. ನಾನಿಲ್ವಾ?"

"ನೀನೇ ಹಾಕು, ಹೋಗ್ಲಿ" ಎಂದು ದೊಡ್ಡ ಮನಸ್ಸು ಮಾಡಿ ಕೈ ಚಾಚಿದಳು. "ಅವನ್ ಕೈ ಹಗುರ ಐತೆ ಕಣೆ."

ನನಗೆ ತಡೆಯಲಾಗಲಿಲ್ಲ. "ಅವತ್ತು ಹೆಂಗೆ ಒಪ್ಕಂಡೆ ನೀನು? ಕುರಿ ಸುದ್ದಿ ಕೇಳಿದ್ನಾ?"

"ಕೇಳ್ದ. ನಾನೇನ್ ಎಳೆ ಕೂಸಾ, ಕುರಿ ಸುದ್ದಿಗೆ ಕೈ ಕೊಡಾಕೆ? ಕೊಡಾಕಿಲ್ಲ ಅಂದೆ. ಎದ್ದು ಹೊಂಟಿದ್ದೆ. ಬಾಗ್ಲಾಗ್ ನಿಂತ್ಕಂಡು ಫೋನ್ ತೆಗ್ದು ನೀ ಬರ್ದಿದ್ನ ಓದ್ದ. 'ಅಜ್ಜಿ, ಅಕ್ಕ ನನ್ನ ಕೂಡೆ ಮಾತು ಬಿಟ್ಟವ್ಳೆ' ಅಂದ. 'ಯಾಕ್ಲಾ' ಅಂದೆ. 'ಸುಳ್ಳು ಹೇಳಿ ಹಬ್ಬಕ್ಕೆ ಹೋಗಿದ್ದೆ, ಅವ್ಳೊಬ್ಳೇ ದುಡಿದ್ಲು, ತಪ್ಪು ನಂದೇ' ಅಂದ. 'ಅಂಥೋಳು ನನ್ ಕೈ ಹಗುರ ಅಂತ ಬರ್ದವ್ಳೆ' ಅಂದ."

ಅಜ್ಜಿ ನನ್ನ ಮುಖ ನೋಡಿದಳು.

"ಬೇಕಾದೋರು ಹೊಗಳಿದ್ರೆ ನಾನು ನಂಬಾಕಿಲ್ಲ ಕಣವ್ವ. ಮಾತು ಬಿಟ್ಟೋಳು ಹೊಗಳವ್ಳೆ ಅಂದ್ರೆ ನಿಜಾನೇ ಇರ್ಬೇಕು. ಅದ್ಕೇ ಕೂತ್ಕಂಡೆ, ಕೈ ಕೊಟ್ಟೆ."

ನಾನು ಹಲ್ಲು ಕಚ್ಚಿಕೊಂಡು ಬರೆದ, ಇನ್ನೊಮ್ಮೆ ಓದಿದ್ದರೆ ಅಳಿಸಿಬಿಡುತ್ತಿದ್ದ ಆ ಒಂದು ಸಾಲು ಅಜ್ಜಿಯನ್ನು ಬಾಗಿಲಿನಿಂದ ಹಿಂದಕ್ಕೆ ಕರೆತಂದಿತ್ತು. ಮೆತ್ತಗೆ ಸೂಜಿ ಹಾಕಿದೆ. ಅಜ್ಜಿ "ಹೂಂ, ಪರ್ವಾಗಿಲ್ಲ" ಎಂದಳು.

ಮಧ್ಯಾಹ್ನ ಅವನು ಬಂದ. ಎಂದಿನಂತೆ ನರ್ಸಮ್ಮನ ಪಕ್ಕ ನಿಂತು, ಕೈ ಕಟ್ಟಿಕೊಂಡು, ಗೋಡೆಯನ್ನು ನೋಡತೊಡಗಿದ. ನರ್ಸಮ್ಮ ನಾನು ಹೇಳುವುದನ್ನು ಅವನಿಗೆ ದಾಟಿಸಲು ಸಿದ್ಧಳಾಗಿ ಇಬ್ಬರ ನಡುವೆ ಬಂದಳು. ನಾನು ಅವಳನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದೆ. ಬೆಳಗಿನ ರೋಗಿಗಳ ವಿಷಯ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಏನಪ್ಪ, ಅವತ್ತಿನ ಮಟನ್ನು ಚೆನ್ನಾಗಿತ್ತಾ?"

ಅವನು ಗೋಡೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದ.

"ಇಲ್ಲಕ್ಕ, ಗಂಟ್ಲಾಗೆ ಇಳೀಲಿಲ್ಲ" ಎಂದ.

ಅದೂ ಸುಳ್ಳೇ. ಆ ಫೋಟೋದಲ್ಲಿ ಎಲೆ ತುಂಬ ಮಟನ್ನಿನ ಪಕ್ಕ ಅವನ ಹಲ್ಲೆಲ್ಲ ಕಾಣುತ್ತಿತ್ತು. ಡಬ್ಬಿ ತೆಗೆದು ರೊಟ್ಟಿಯಲ್ಲಿ ಅರ್ಧ ಮುರಿದು ಅವನ ಕೈಗಿಟ್ಟೆ.